ಮುಟ್ಟಿನ ದಿನ ಎಣಿಸಿ ವ್ಯಾಯಾಮ ಬದಲಿಸಬೇಕೇ? ಆ ನಾಲ್ಕು ಬಣ್ಣದ ಚಾರ್ಟ್ ಹೇಳದ ವಿಷಯಗಳು

ಒಂದು ವೃತ್ತ, ಅದರಲ್ಲಿ ನಾಲ್ಕು ಬಣ್ಣ. ಕೆಂಪು ಭಾಗದಲ್ಲಿ "1ರಿಂದ 5ನೇ ದಿನ: ವಿಶ್ರಾಂತಿ ಮಾತ್ರ" ಎಂದಿರುತ್ತದೆ. ಹಸಿರು ಭಾಗದಲ್ಲಿ "6ರಿಂದ 13: ಭಾರ ಎತ್ತಿ". ಹಳದಿಯಲ್ಲಿ "14ನೇ ದಿನ: ಶಕ್ತಿ ಹೆಚ್ಚು, ಮಂಡಿ ಜೋಪಾನ". ನೇರಳೆಯಲ್ಲಿ "15ರಿಂದ 28: ಯೋಗ, ಸ್ಟ್ರೆಚಿಂಗ್ ಮಾತ್ರ, ಭಾರ ಎತ್ತಿದರೆ ಹಾರ್ಮೋನ್ ಏರುಪೇರಾಗುತ್ತದೆ". ಕೊನೆಯಲ್ಲಿ "ನಿಮ್ಮ ಅಕ್ಕತಂಗಿಯರಿಗೂ ಕಳುಹಿಸಿ" ಎಂಬ ಸಾಲು. ಇಂಥದ್ದೊಂದು ಚಿತ್ರ ನಿಮ್ಮ ಗುಂಪಿಗೂ ಬಂದಿರಬಹುದು. ಇದನ್ನು 'ಸೈಕಲ್ ಸಿಂಕಿಂಗ್' ಎನ್ನುತ್ತಾರೆ. ಅಂದರೆ ಋತುಚಕ್ರದ ದಿನಕ್ಕೆ ತಕ್ಕಂತೆ ವ್ಯಾಯಾಮವನ್ನು ಬದಲಿಸುವುದು.

ಈ ಚಿತ್ರವನ್ನು ಕಳುಹಿಸುವವರ ಉದ್ದೇಶ ಒಳ್ಳೆಯದೇ ಇರುತ್ತದೆ. ಕೆಲವು ದಿನ ಮೈಯಲ್ಲಿ ಶಕ್ತಿಯೇ ಇಲ್ಲ ಎನಿಸುವುದು, ಕೆಲವು ರಾತ್ರಿ ನಿದ್ದೆ ಬಾರದಿರುವುದು, ಕೆಲವೊಮ್ಮೆ ಕೀಲುಗಳು ಸಡಿಲವಾದಂತೆ ಅನಿಸುವುದು ನಿಜ. ಹಾಗಾಗಿ ಚಾರ್ಟ್ ನೋಡಿದ ಕೂಡಲೇ "ಹೌದಲ್ಲ, ನನಗೂ ಹೀಗೇ ಆಗುತ್ತದೆ" ಅನಿಸುತ್ತದೆ.

ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುವವರಿಗೆ 28 ದಿನಗಳಲ್ಲಿ 12 ಸಲ ವ್ಯಾಯಾಮ ಸಿಗುತ್ತದೆ. ಈ ಚಾರ್ಟ್ ಪ್ರಕಾರ ಮೊದಲ 5 ದಿನ ಮತ್ತು ಕೊನೆಯ 14 ದಿನ ಭಾರ ಎತ್ತುವಂತಿಲ್ಲ. ಉಳಿಯುವುದು 9 ದಿನ. ಆ 9 ದಿನದಲ್ಲಿ ಸಿಗುವುದು ಹೆಚ್ಚೆಂದರೆ ನಾಲ್ಕು ಸಲ. ಹನ್ನೆರಡರಲ್ಲಿ ಎಂಟನ್ನು ಬಿಟ್ಟರೆ ಸ್ನಾಯು ಬಲವಾಗುವುದು ಹೇಗೆ? ಆದ್ದರಿಂದ ಈ ಚಾರ್ಟ್ ಎಷ್ಟು ಸರಿ ಎಂದು ನೋಡುವುದು ಅಗತ್ಯ.

ಚಾರ್ಟ್‌ನಲ್ಲಿ ನಿಜ ಇರುವುದು ಎಲ್ಲಿ?

ಮುಟ್ಟಿನ ಮೊದಲ ದಿನವನ್ನು ಚಕ್ರದ 1ನೇ ದಿನ ಎಂದು ಎಣಿಸುತ್ತಾರೆ. ಆಗ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎರಡೂ ಹಾರ್ಮೋನುಗಳು ಕಡಿಮೆ ಇರುತ್ತವೆ. ಅಲ್ಲಿಂದ ಈಸ್ಟ್ರೋಜನ್ ನಿಧಾನವಾಗಿ ಏರುತ್ತಾ ಹೋಗಿ, ಅಂಡೋತ್ಪತ್ತಿಗೆ ಸ್ವಲ್ಪ ಮುಂಚೆ ಗರಿಷ್ಠ ಮಟ್ಟ ಮುಟ್ಟುತ್ತದೆ. ಅಂಡಾಣು ಹೊರಬಂದ ಮೇಲೆ ಪ್ರೊಜೆಸ್ಟರಾನ್ ಏರುತ್ತದೆ, ಈಸ್ಟ್ರೋಜನ್ ಕೂಡ ಎರಡನೇ ಸಲ ಸ್ವಲ್ಪ ಏರುತ್ತದೆ. ಗರ್ಭ ನಿಲ್ಲದಿದ್ದರೆ ಎರಡೂ ಇಳಿಯುತ್ತವೆ, ಮತ್ತೆ ಮುಟ್ಟಾಗುತ್ತದೆ.

ಇಷ್ಟು ಸರಿ. ಈ ಏರಿಳಿತದಿಂದ ದೇಹದಲ್ಲಿ ಅಳೆಯಬಹುದಾದ ಬದಲಾವಣೆಗಳೂ ಆಗುತ್ತವೆ. ಅಂಡೋತ್ಪತ್ತಿಯ ನಂತರ ದೇಹದ ಉಷ್ಣತೆ ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಹೆಚ್ಚುತ್ತದೆ. ವಿಶ್ರಾಂತಿಯಲ್ಲಿರುವಾಗಿನ ಹೃದಯ ಬಡಿತ ನಿಮಿಷಕ್ಕೆ ಕೆಲವು ಬಡಿತಗಳಷ್ಟು ಜಾಸ್ತಿಯಾಗುತ್ತದೆ. ನಿಮ್ಮ ಸ್ಮಾರ್ಟ್‌ವಾಚ್ ಆ ವಾರಗಳಲ್ಲಿ "ದೇಹ ಚೇತರಿಸಿಕೊಂಡಿಲ್ಲ" ಎಂದು ತೋರಿಸಿದರೆ ಅದಕ್ಕೆ ಇದೂ ಒಂದು ಕಾರಣವಾಗಿರಬಹುದು. ಅಷ್ಟಕ್ಕೇ ಗಾಬರಿಯಾಗಬೇಕಿಲ್ಲ.

ಚಾರ್ಟ್ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. "ಹಾರ್ಮೋನ್ ಬದಲಾಗುತ್ತದೆ, ಆದ್ದರಿಂದ ಸ್ನಾಯುವಿನ ಶಕ್ತಿಯೂ ಅಷ್ಟೇ ಬದಲಾಗುತ್ತದೆ" ಎಂದು ಅದು ತೀರ್ಮಾನಿಸಿಬಿಡುತ್ತದೆ. ಅದನ್ನು ಪರೀಕ್ಷಿಸಿ ನೋಡಿದವರಿಗೆ ಸಿಕ್ಕಿದ್ದು ಬೇರೆಯೇ ಉತ್ತರ.

ಶಕ್ತಿ ನಿಜವಾಗಿ ಎಷ್ಟು ಕುಂದುತ್ತದೆ?

2020ರಲ್ಲಿ 'ಸ್ಪೋರ್ಟ್ಸ್ ಮೆಡಿಸಿನ್' ಎಂಬ ಪತ್ರಿಕೆಯಲ್ಲಿ 78 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ ಪ್ರಕಟವಾಯಿತು. ಮುಟ್ಟಿನ ಆರಂಭದ ದಿನಗಳಲ್ಲಿ ವ್ಯಾಯಾಮದ ಸಾಮರ್ಥ್ಯ ತುಸು ಕಡಿಮೆ ಇರಬಹುದು, ಆದರೆ ಆ ವ್ಯತ್ಯಾಸ ನಗಣ್ಯ ಎನ್ನುವಷ್ಟು ಸಣ್ಣದು ಎಂಬುದು ಅದರ ಸಾರ. ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸ ಬಹಳ ಇದೆ, ಒಟ್ಟುಗೂಡಿಸಿದ ಅಧ್ಯಯನಗಳಲ್ಲಿ ಹಲವುಗಳ ಗುಣಮಟ್ಟವೂ ಅಷ್ಟಕ್ಕಷ್ಟೇ ಎಂದು ಸಂಶೋಧಕರೇ ಬರೆದರು. ಎಲ್ಲರಿಗೂ ಒಂದೇ ನಿಯಮ ಕೊಡಲು ಆಗುವುದಿಲ್ಲ, ಪ್ರತಿಯೊಬ್ಬರೂ ತಮ್ಮ ದೇಹವನ್ನು ನೋಡಿಕೊಂಡು ತೀರ್ಮಾನಿಸಬೇಕು ಎಂದು ಅವರು ಹೇಳಿದರು.

"ಭಾರ ಎತ್ತಿದರೂ ಆ ಎರಡು ವಾರ ಸ್ನಾಯು ಬೆಳೆಯುವುದಿಲ್ಲ" ಎಂಬ ಮಾತೂ ಫಾರ್ವರ್ಡ್‌ಗಳಲ್ಲಿ ಬರುತ್ತದೆ. ಇದನ್ನು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ನೇರವಾಗಿ ಪರೀಕ್ಷಿಸಿದರು. ಅದೇ ಮಹಿಳೆಯರನ್ನು ಚಕ್ರದ ಎರಡು ಬೇರೆ ಬೇರೆ ಹಂತಗಳಲ್ಲಿ ಭಾರ ಎತ್ತಿಸಿ, ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಎಷ್ಟು ತಯಾರಾಗುತ್ತದೆ ಎಂದು ಅಳೆದರು. ಎರಡು ಹಂತಗಳಲ್ಲೂ ವ್ಯತ್ಯಾಸ ಕಾಣಲಿಲ್ಲ. ಅಂದರೆ 20ನೇ ದಿನ ಎತ್ತಿದ ಭಾರ 8ನೇ ದಿನ ಎತ್ತಿದ ಭಾರದಷ್ಟೇ ಫಲ ಕೊಡುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೀರಾಬಾಯಿ ಚಾನು ವಿಷಯ ಏನು? 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 49 ಕೆ.ಜಿ. ವಿಭಾಗದಲ್ಲಿ ಅವರು ಒಟ್ಟು 199 ಕೆ.ಜಿ. ಎತ್ತಿ ನಾಲ್ಕನೆಯವರಾದರು. ಕಂಚು ತಪ್ಪಿದ್ದು ಒಂದೇ ಕೆ.ಜಿ.ಯಿಂದ. ಆಮೇಲೆ ಅವರು, ಅದು ತಮ್ಮ ಮುಟ್ಟಿನ ಮೂರನೇ ದಿನವಾಗಿತ್ತು, ಸ್ವಲ್ಪ ನಿಶ್ಶಕ್ತಿ ಇತ್ತು ಎಂದು ಮುಕ್ತವಾಗಿ ಹೇಳಿಕೊಂಡರು.

ಆ ಅನುಭವವನ್ನು ಸುಳ್ಳು ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಅದೇ ದಿನದ ಅಂಕಿಗಳನ್ನು ಪೂರ್ತಿ ನೋಡಿ. ಸ್ನ್ಯಾಚ್‌ನಲ್ಲಿ ಅವರು 88 ಕೆ.ಜಿ. ಎತ್ತಿದರು, ಅದು ಅವರ ಅತ್ಯುತ್ತಮ ಸಾಧನೆಗೆ ಸಮ. ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 111 ಕೆ.ಜಿ. ಎತ್ತಿ, ಕೊನೆಯ 114 ಕೆ.ಜಿ. ಯತ್ನದಲ್ಲಿ ವಿಫಲರಾದರು. ಹಿಂದಿನ ವರ್ಷದ ಏಷ್ಯನ್ ಗೇಮ್ಸ್‌ನಲ್ಲಿ ಆದ ಸೊಂಟದ ಭಾಗದ ಗಾಯದಿಂದ ಅವರು ಆಗಷ್ಟೇ ಚೇತರಿಸಿಕೊಂಡು ಬಂದಿದ್ದರು. ಹಾಗಾಗಿ ಮುಟ್ಟಿನಿಂದಲೇ ಪದಕ ತಪ್ಪಿತು ಎಂದಾಗಲಿ, ಮುಟ್ಟಿನಿಂದ ಏನೂ ಆಗಲಿಲ್ಲ ಎಂದಾಗಲಿ ಹೇಳಲು ಬರುವುದಿಲ್ಲ. ಇನ್ನೊಂದು ಕಡೆ, 2002ರಲ್ಲಿ ಷಿಕಾಗೊ ಮ್ಯಾರಥಾನ್‌ನಲ್ಲಿ ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ 2 ಗಂಟೆ 17 ನಿಮಿಷ 18 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದಾಗ ಅವರಿಗೆ ಮುಟ್ಟಿನ ಹೊಟ್ಟೆನೋವಿತ್ತು. ಒಂದು ಉದಾಹರಣೆಯಿಂದ ನಿಯಮ ಮಾಡಲು ಹೊರಟರೆ ಇನ್ನೊಂದು ಉದಾಹರಣೆ ಅದನ್ನು ಮುರಿಯುತ್ತದೆ.

ನೆನಪಿಡಬೇಕಾದದ್ದು ಇಷ್ಟು. ಹೆಚ್ಚಿನವರಲ್ಲಿ ಹಾರ್ಮೋನ್ ಸ್ನಾಯುವಿನ ಬಲವನ್ನು ನೇರವಾಗಿ ಕುಗ್ಗಿಸುವುದಿಲ್ಲ. ಆದರೆ ಹೊಟ್ಟೆನೋವು, ಕೆಟ್ಟ ನಿದ್ದೆ, ಹೆಚ್ಚು ರಕ್ತಸ್ರಾವ ಇವು ಆ ದಿನದ ವ್ಯಾಯಾಮವನ್ನು ಕಷ್ಟ ಮಾಡುತ್ತವೆ. ಆದ್ದರಿಂದ ಬದಲಾವಣೆ ಮಾಡಿಕೊಳ್ಳಬೇಕಾದದ್ದು ಈ ಲಕ್ಷಣಗಳಿಗೆ ತಕ್ಕಂತೆ. ದಿನದ ಸಂಖ್ಯೆಗೆ ತಕ್ಕಂತೆ ಅಲ್ಲ.

14ನೇ ದಿನ ಎಂಬುದು ಯಾರ ಲೆಕ್ಕ?

ಚಾರ್ಟ್‌ನ ಇನ್ನೊಂದು ತೊಂದರೆ ಅದರ ಕ್ಯಾಲೆಂಡರ್. ಎಲ್ಲರ ಚಕ್ರವೂ 28 ದಿನ, ಎಲ್ಲರಿಗೂ 14ನೇ ದಿನ ಅಂಡೋತ್ಪತ್ತಿ ಎಂದು ಅದು ಭಾವಿಸುತ್ತದೆ. 2019ರಲ್ಲಿ ಒಂದು ಆ್ಯಪ್‌ನಲ್ಲಿ ದಾಖಲಾಗಿದ್ದ 6 ಲಕ್ಷಕ್ಕೂ ಹೆಚ್ಚು ಋತುಚಕ್ರಗಳನ್ನು ಸಂಶೋಧಕರು ವಿಶ್ಲೇಷಿಸಿದರು. ಸರಾಸರಿ ಚಕ್ರ 29.3 ದಿನ. ಅಂಡೋತ್ಪತ್ತಿಗೆ ಮುಂಚಿನ ಭಾಗ ಸರಾಸರಿ 16.9 ದಿನ, ನಂತರದ ಭಾಗ 12.4 ದಿನ. ಸರಾಸರಿಯಲ್ಲೇ 14ನೇ ದಿನ ತಪ್ಪುತ್ತದೆ ಎಂದಾಯಿತು. ಜೊತೆಗೆ ಒಬ್ಬರದೇ ಚಕ್ರ ಕೂಡ ತಿಂಗಳಿಂದ ತಿಂಗಳಿಗೆ ಹಿಂದೆಮುಂದೆ ಆಗುತ್ತದೆ. ಪ್ರಯಾಣ, ಜ್ವರ, ಪರೀಕ್ಷೆಯ ಒತ್ತಡ ಇಂಥವುಗಳಿಂದ ಅಂಡೋತ್ಪತ್ತಿ ತಡವಾಗಬಹುದು. ಕೆಲವು ತಿಂಗಳು ಅಂಡೋತ್ಪತ್ತಿಯೇ ಆಗದೆ ಮುಟ್ಟಾಗುವುದೂ ಉಂಟು.

ಇನ್ನು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಚಾರ್ಟ್ ಅನ್ವಯಿಸುವುದೇ ಇಲ್ಲ. ಸಾಮಾನ್ಯ ಸಂಯುಕ್ತ ಮಾತ್ರೆಗಳು ದೇಹದ ಸ್ವಂತ ಹಾರ್ಮೋನ್ ಏರಿಳಿತವನ್ನು ತಡೆಹಿಡಿಯುತ್ತವೆ. ಮಾತ್ರೆ ನಿಲ್ಲಿಸಿದ ವಾರ ಆಗುವ ರಕ್ತಸ್ರಾವ ನಿಜವಾದ ಮುಟ್ಟಲ್ಲ, ಹಾರ್ಮೋನ್ ನಿಂತದ್ದರಿಂದ ಆಗುವಂಥದ್ದು. ಪಿಸಿಓಎಸ್ ಇರುವವರಲ್ಲಿ ಚಕ್ರ 40, 50 ದಿನಕ್ಕೂ ಹೋಗುವುದರಿಂದ ಅವರಿಗೂ ಈ ಬಣ್ಣಗಳು ಹೊಂದುವುದಿಲ್ಲ.

ನಿದ್ದೆ: ಕೆಟ್ಟ ರಾತ್ರಿಯ ಮರುದಿನ

ಮುಟ್ಟಿಗೆ ಮುಂಚಿನ ಕೆಲವು ದಿನ ಮತ್ತು ಮುಟ್ಟಿನ ಮೊದಲ ಒಂದೆರಡು ರಾತ್ರಿ ನಿದ್ದೆ ಸರಿ ಇರುವುದಿಲ್ಲ ಎಂದು ಬಹಳ ಮಹಿಳೆಯರು ಹೇಳುತ್ತಾರೆ. ಪ್ರಯೋಗಾಲಯದಲ್ಲಿ ಅಳೆದಾಗ ಆರೋಗ್ಯವಂತರಲ್ಲಿ ನಿದ್ದೆಯ ಒಟ್ಟು ಅವಧಿ ಅಷ್ಟೇನೂ ಬದಲಾಗುವುದಿಲ್ಲ. ಆದರೆ ಎದ್ದಾಗ ನಿದ್ದೆ ಸಾಲಲಿಲ್ಲ ಎಂಬ ಭಾವ ಇರುತ್ತದೆ. ನೋವು ಹೆಚ್ಚಿದ್ದವರಿಗೆ ನಡುನಡುವೆ ನಿಜವಾಗಿಯೂ ಎಚ್ಚರವಾಗುತ್ತದೆ.

ದೇಹದ ಉಷ್ಣತೆ ಏರಿರುವುದೂ ಇಲ್ಲಿ ಸೇರಿಕೊಳ್ಳುತ್ತದೆ. ನಿದ್ದೆ ಹತ್ತಬೇಕಾದರೆ ದೇಹ ಸ್ವಲ್ಪ ತಣಿಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ಇರುವವರಿಗೆ ಆ ಅರ್ಧ ಡಿಗ್ರಿ ಚೆನ್ನಾಗಿಯೇ ಗೊತ್ತಾಗುತ್ತದೆ. ಆ ದಿನಗಳಲ್ಲಿ ಓಡುವವರು ಗಡಿಯಾರದ ವೇಗ ನೋಡದೆ ಉಸಿರು ನೋಡಿ ಓಡುವುದು ಒಳ್ಳೆಯದು. ಪಕ್ಕದವರ ಜೊತೆ ಮಾತನಾಡುತ್ತಾ ಓಡಲು ಆಗುತ್ತಿದೆಯೇ? ಆಗುತ್ತಿದ್ದರೆ ಅದೇ ನಿಮ್ಮ ಅಂದಿನ ಸರಿಯಾದ ವೇಗ, ಎಂದಿಗಿಂತ ನಿಧಾನವಾಗಿದ್ದರೂ ಸರಿ.

ನಿದ್ದೆ ಕೆಟ್ಟ ಮರುದಿನ ಬೆಳಗ್ಗೆ ಆರಕ್ಕೆ ಜಿಮ್‌ಗೆ ಹೋಗಲೇಬೇಕೆಂದಿಲ್ಲ. ಸಂಜೆಗೆ ಬದಲಿಸಲು ಆದರೆ ಬದಲಿಸಿ. ಆಗದಿದ್ದರೆ ಹೊಸ ವ್ಯಾಯಾಮ ಕಲಿಯುವುದನ್ನು, ಗರಿಷ್ಠ ಭಾರ ಪರೀಕ್ಷಿಸುವುದನ್ನು ಆ ದಿನ ಬಿಡಿ. ನಿದ್ದೆಗೆಟ್ಟಾಗ ಮೊದಲು ಕುಂದುವುದು ಗಮನ. ಚೆನ್ನಾಗಿ ಅಭ್ಯಾಸವಾದ ವ್ಯಾಯಾಮಗಳನ್ನು ಸ್ವಲ್ಪ ಕಡಿಮೆ ಸಲ ಮಾಡಿ ಬನ್ನಿ.

ಮಂಡಿ ಸಡಿಲವಾದಂತೆ ಅನಿಸಿದರೆ

"14ನೇ ದಿನ ಮಂಡಿ ಜೋಪಾನ" ಎಂಬ ಎಚ್ಚರಿಕೆಯ ಹಿಂದೆ ಒಂದು ನಿಜವಾದ ಸಂಗತಿ ಇದೆ. ಮಂಡಿಯೊಳಗೆ ತೊಡೆಮೂಳೆಯನ್ನೂ ಕಾಲಿನ ಮೂಳೆಯನ್ನೂ ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಇದೆ. ಕಬಡ್ಡಿ, ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಡುವ ಮಹಿಳೆಯರಲ್ಲಿ ಇದು ಹರಿಯುವ ಪ್ರಮಾಣ ಪುರುಷರಿಗಿಂತ ಹೆಚ್ಚು. ಅಂಡೋತ್ಪತ್ತಿಯ ಆಸುಪಾಸಿನಲ್ಲಿ ಈ ಮಂಡಿ ಸ್ವಲ್ಪ ಹೆಚ್ಚು ಸಡಿಲವಾಗುತ್ತದೆ ಎಂದು ಅಳತೆಗಳು ತೋರಿಸಿವೆ. ಎಷ್ಟು? ಒಂದು ಮಿಲಿಮೀಟರಿಗಿಂತಲೂ ಕಡಿಮೆ.

ಇಷ್ಟರಿಂದ ಗಾಯ ಹೆಚ್ಚಾಗುತ್ತದೆಯೇ ಎಂಬಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಮಹಿಳಾ ಫುಟ್‌ಬಾಲ್ ಆಟಗಾರ್ತಿಯರ ಒಂದು ಅಧ್ಯಯನದಲ್ಲಿ ಅಂಡೋತ್ಪತ್ತಿಗೆ ಮುಂಚಿನ ದಿನಗಳಲ್ಲಿ ಸ್ನಾಯುವಿನ ಗಾಯ ಹೆಚ್ಚು ಕಂಡಿತು, ಇನ್ನೊಂದರಲ್ಲಿ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಹೆಚ್ಚು ಕಂಡಿತು. ಇಂಥ ಮಾಹಿತಿಯ ಮೇಲೆ "ಈ ದಿನ ಆಡಬೇಡಿ" ಎನ್ನಲು ಆಗುವುದಿಲ್ಲ. ಆದರೆ ಎಲ್ಲ ದಿನವೂ ಕೆಲಸ ಮಾಡುವ ಒಂದು ಉಪಾಯ ಇದೆ. ಫಿಫಾ 11+ ಎಂಬ ಸುಮಾರು 20 ನಿಮಿಷದ ವಾರ್ಮ್ ಅಪ್ ಕ್ರಮದಲ್ಲಿ ನಿಧಾನ ಓಟ, ಒಂದೇ ಕಾಲಿನ ಮೇಲೆ ನಿಲ್ಲುವುದು, ತೊಡೆಯ ಹಿಂಭಾಗದ ವ್ಯಾಯಾಮ, ಮಂಡಿ ಒಳಕ್ಕೆ ಬಾಗದಂತೆ ಜಿಗಿದು ಇಳಿಯುವುದು ಇವೆಲ್ಲ ಇವೆ. ನಾರ್ವೆಯ ಹುಡುಗಿಯರ ಫುಟ್‌ಬಾಲ್ ತಂಡಗಳಲ್ಲಿ ಇದನ್ನು ಪರೀಕ್ಷಿಸಿದಾಗ ಗಾಯಗಳು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗಿದವು. ಈ ಲಾಭ ಸಿಗುವುದು ಪ್ರತಿ ಅಭ್ಯಾಸಕ್ಕೂ ಮುಂಚೆ, ತಿಂಗಳುಗಟ್ಟಲೆ ಮಾಡಿದಾಗ.

ಮನೆಯಲ್ಲೇ ಮಾಡಬಹುದಾದ ಒಂದು ಸಣ್ಣ ಪರಿಶೀಲನೆಯೂ ಇದೆ. ಹಾರ್ಮೋನ್ ರಕ್ತದ ಮೂಲಕ ಎರಡೂ ಮಂಡಿಗಳಿಗೆ ಸಮನಾಗಿ ಹೋಗುತ್ತದೆ. ಹಾಗಾಗಿ ಎರಡೂ ಮಂಡಿ ಒಂದೇ ರೀತಿ ಬಿಗಿ ಅಥವಾ ಸಡಿಲ ಅನಿಸಿ, ಹತ್ತು ನಿಮಿಷ ಮೈ ಬಿಸಿಯಾದ ಮೇಲೆ ಸರಿಹೋದರೆ ಆತಂಕ ಬೇಡ. ಒಂದೇ ಮಂಡಿ ನೋಯುತ್ತಿದ್ದರೆ ಆ ವಾರ ಏನು ಮಾಡಿದಿರಿ ಎಂದು ಮೊದಲು ಯೋಚಿಸಿ. ಜಿಗಿತ ಜಾಸ್ತಿಯಾಯಿತೇ, ಶೂ ಸವೆದಿದೆಯೇ, ಭಾರ ಒಮ್ಮೆಲೇ ಏರಿಸಿದಿರೇ? ಮಂಡಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡಂತಾದರೆ, ನಡೆಯುವಾಗ ಕುಸಿದಂತಾದರೆ ಅದನ್ನು ಹಾರ್ಮೋನ್ ಖಾತೆಗೆ ಹಾಕಬೇಡಿ. ಮೂಳೆ ವೈದ್ಯರಿಗೋ ಫಿಸಿಯೋಥೆರಪಿಸ್ಟರಿಗೋ ತೋರಿಸಿ.

ಹಾಗಾದರೆ ಬದಲಾವಣೆ ಹೇಗೆ ಮಾಡಿಕೊಳ್ಳುವುದು?

ಮೊದಲು ಮೂರು ಚಕ್ರ ಬರೆದಿಡಿ. ಫೋನಿನ ನೋಟ್ಸ್ ಸಾಕು. ದಿನಕ್ಕೆ ಒಂದು ಸಾಲು: ಚಕ್ರದ ಎಷ್ಟನೇ ದಿನ, ನಿದ್ದೆಗೆ 5ರಲ್ಲಿ ಎಷ್ಟು ಅಂಕ, ಹೊಟ್ಟೆನೋವಿಗೆ 10ರಲ್ಲಿ ಎಷ್ಟು, ಮಂಡಿ ಅಥವಾ ಸೊಂಟ ಹೇಗಿತ್ತು. ವ್ಯಾಯಾಮದ ದಿನವಾದರೆ ಎಷ್ಟು ಭಾರ, ಎಷ್ಟು ಸಲ, ನಿಲ್ಲಿಸಿದಾಗ ಇನ್ನೂ ಎಷ್ಟು ಸಲ ಎತ್ತಬಹುದಿತ್ತು ಎಂಬುದನ್ನೂ ಸೇರಿಸಿ. ಈ ಕೊನೆಯ ಅಂಕಿ ಮುಖ್ಯ. 40 ಕೆ.ಜಿ. ಎಂಟು ಸಲ ಎತ್ತಿ ಇನ್ನೂ ಮೂರು ಸಲ ಎತ್ತಬಹುದಿತ್ತು ಎಂದರೆ ಆರಾಮದ ದಿನ. ಎಂಟನೇ ಸಲವೇ ಕಷ್ಟವಾಯಿತು ಎಂದರೆ ಅದೇ 40 ಕೆ.ಜಿ. ಆ ದಿನ ದೇಹಕ್ಕೆ ಹೆಚ್ಚು ಭಾರವಾಗಿದೆ.

ಒಂದೇ ತಿಂಗಳು ಬರೆದರೆ ಸಾಲದು. ಒಮ್ಮೆ ಆದದ್ದು ಕಾಕತಾಳೀಯ ಇರಬಹುದು. ಮೂರು ಚಕ್ರಗಳಲ್ಲೂ ಅದೇ ಜಾಗದಲ್ಲಿ ಅದೇ ಲಕ್ಷಣ ಬಂದರೆ ಅದನ್ನು ನಿಮ್ಮ ದೇಹದ ಕ್ರಮ ಎನ್ನಬಹುದು.

ಆಮೇಲೆ ತೀರ್ಮಾನವನ್ನು ಹಾಸಿಗೆಯಲ್ಲಿ ಮಾಡಬೇಡಿ, ವಾರ್ಮ್ ಅಪ್ ಆದ ಮೇಲೆ ಮಾಡಿ. ಹತ್ತು ನಿಮಿಷ ಮೈ ಬಿಸಿ ಮಾಡಿ, ಒಂದೆರಡು ಹಗುರ ಸೆಟ್ ಮಾಡಿ ನೋಡಿ. ಎಂದಿನಂತೆ ಇದ್ದರೆ ಎಂದಿನ ವ್ಯಾಯಾಮ, ಚಾರ್ಟ್ ಏನೇ ಹೇಳಲಿ. ತುಸು ಭಾರ ಅನಿಸಿದರೆ ಭಾರವನ್ನು ಹಾಗೇ ಇಟ್ಟು ಒಂದು ಸೆಟ್ ಕಡಿಮೆ ಮಾಡಿ. ನೋವು ಅಥವಾ ಸುಸ್ತು ಸ್ಪಷ್ಟವಾಗಿದ್ದರೆ ಭಾರವನ್ನು ಶೇಕಡ 10ರಿಂದ 20ರಷ್ಟು ಇಳಿಸಿ, ಸೆಟ್‌ಗಳನ್ನು ಅರ್ಧ ಮಾಡಿ. ಅದೂ ಆಗದಿದ್ದರೆ ಇಪ್ಪತ್ತು ನಿಮಿಷ ನಡೆದು ಮನೆಗೆ ಹೋಗಿ. ಬಿಟ್ಟದ್ದನ್ನು ಮರುದಿನ ಎರಡು ಪಟ್ಟು ಮಾಡಿ ತುಂಬಿಸಲು ಹೋಗಬೇಡಿ.

ಒಂದು ಉದಾಹರಣೆ ನೋಡೋಣ

ಹುಬ್ಬಳ್ಳಿಯ ಒಬ್ಬ ಶಾಲಾ ಶಿಕ್ಷಕಿ ಎಂದುಕೊಳ್ಳಿ. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಆರಕ್ಕೆ ಜಿಮ್‌ಗೆ ಹೋಗುತ್ತಾರೆ. ಸ್ಕ್ವಾಟ್ 40 ಕೆ.ಜಿ., ಎಂಟು ಸಲದ ಮೂರು ಸೆಟ್. ಮೂರು ಚಕ್ರ ಬರೆದಿಟ್ಟರು. ಅವು 27, 31, 29 ದಿನ ಇದ್ದವು.

ಮುಂದಿನ ಮುಟ್ಟಿನಿಂದ ಸುಮಾರು 12 ದಿನ ಹಿಂದಕ್ಕೆ ಎಣಿಸಿದರೆ ಅವರ ಅಂಡೋತ್ಪತ್ತಿ 15, 19, 17ನೇ ದಿನಗಳ ಆಸುಪಾಸಿನಲ್ಲಿ ಆಗಿರಬೇಕು. ಒಮ್ಮೆಯೂ 14 ಅಲ್ಲ. ಅದೂ ಚಕ್ರ ಮುಗಿದ ಮೇಲಷ್ಟೇ ಗೊತ್ತಾದ ಅಂದಾಜು.

ನಿದ್ದೆಯ ಅಂಕ ಮೂರು ಚಕ್ರಗಳಲ್ಲೂ ಮುಟ್ಟಿನ ಹಿಂದಿನ ಎರಡು ರಾತ್ರಿ ಮತ್ತು ಮೊದಲ ಎರಡು ರಾತ್ರಿ 2ಕ್ಕೆ ಇಳಿದಿತ್ತು. ಇದು ಅವರ ಕ್ರಮ. ಸ್ಕ್ವಾಟ್‌ನಲ್ಲಿ 1, 2ನೇ ದಿನ ಎಂಟರ ಬದಲು ಆರು ಸಲಕ್ಕೇ ನಿಲ್ಲಿಸಬೇಕಾಯಿತು. ಉಳಿದ ಎಲ್ಲ ದಿನ, ಚಾರ್ಟ್‌ನ ನೇರಳೆ ಬಣ್ಣದ ಎರಡು ವಾರಗಳಲ್ಲೂ, ಎಂಟು ಸಲ ಆರಾಮಾಗಿ ಆಯಿತು.

ಬಲ ಮಂಡಿ ಮೂರು ಸಲ ನೋಯಿತು. ಮೊದಲ ಚಕ್ರದ 9ನೇ ದಿನ, ಎರಡನೆಯದರ 22ನೇ ದಿನ, ಮೂರನೆಯದರ 16ನೇ ದಿನ. ಇದರಲ್ಲಿ ಚಕ್ರದ ಕ್ರಮ ಏನೂ ಇಲ್ಲ. ಆದರೆ ಮೂರೂ ಸಲ ಹಿಂದಿನ ದಿನ ಶಾಲೆಯ ಕ್ರೀಡಾಕೂಟದ ತಾಲೀಮಿನಲ್ಲಿ ಮಕ್ಕಳ ಜೊತೆ ಗಟ್ಟಿ ನೆಲದ ಮೇಲೆ ಸ್ಕಿಪ್ಪಿಂಗ್ ಆಡಿದ್ದರು. ಬರೆದಿಡದಿದ್ದರೆ 16ನೇ ದಿನದ ನೋವನ್ನು "ನೋಡಿ, ಚಾರ್ಟ್ ಸರಿಯಾಗಿಯೇ ಹೇಳಿದೆ" ಎಂದು ನಂಬಿಬಿಡುತ್ತಿದ್ದರು.

ಅವರು ಮಾಡಿಕೊಂಡ ಬದಲಾವಣೆ ಎರಡೇ. ಮುಟ್ಟಿನ ಮೊದಲ ಎರಡು ದಿನಗಳಲ್ಲಿ ಜಿಮ್ ದಿನ ಬಂದರೆ ಅದನ್ನು ಸಂಜೆಗೆ ತಳ್ಳಿ, 35 ಕೆ.ಜಿ.ಯಲ್ಲಿ ಎರಡು ಸೆಟ್ ಮಾಡುವುದು. ಸ್ಕಿಪ್ಪಿಂಗ್ ಆಡಿದ ಮರುದಿನ ಕಾಲಿನ ವ್ಯಾಯಾಮದ ಬದಲು ತೋಳು, ಬೆನ್ನಿನ ವ್ಯಾಯಾಮ ಮಾಡುವುದು. ಹನ್ನೆರಡು ಸಲದ ವ್ಯಾಯಾಮದಲ್ಲಿ ಹಗುರವಾದದ್ದು ಒಂದು. ಚಾರ್ಟ್ ಹೇಳಿದಂತೆ ನಡೆದಿದ್ದರೆ ಎಂಟು ಹೋಗುತ್ತಿತ್ತು.

ಇದು ಅವರ ಲೆಕ್ಕ. ನಿಮ್ಮ ನೋಟ್ಸ್ ಬೇರೆ ಹೇಳಬಹುದು. ಕೆಲವರಿಗೆ ಮುಟ್ಟಿನ ದಿನಗಳಲ್ಲಿ ಏನೂ ಅನಿಸುವುದಿಲ್ಲ, ಅದಕ್ಕೆ ಮುಂಚಿನ ನಾಲ್ಕು ದಿನ ಕಷ್ಟ. ಕೆಲವರಿಗೆ ಮೂರು ಚಕ್ರ ಬರೆದರೂ ಯಾವ ಕ್ರಮವೂ ಕಾಣುವುದಿಲ್ಲ. ಅಂಥವರು ಏನನ್ನೂ ಬದಲಿಸಬೇಕಿಲ್ಲ.

ಹೊಟ್ಟೆನೋವಿದ್ದಾಗ ವ್ಯಾಯಾಮ ಮಾಡಬಹುದೇ?

ಮಾಡಬಹುದು. ಗರ್ಭಕೋಶ ಹಿಂಡಿದಂತಾಗುವ ನೋವಿಗೆ ಕಾರಣ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು. ವ್ಯಾಯಾಮದಿಂದ ಗರ್ಭಕೋಶಕ್ಕೆ ಹಾನಿಯಾಗುವುದಿಲ್ಲ. ವಾರಕ್ಕೆ ಮೂರು ಸಲ ಅಥವಾ ಹೆಚ್ಚು, ಒಂದೊಂದು ಸಲ 45ರಿಂದ 60 ನಿಮಿಷ ವ್ಯಾಯಾಮ ಮಾಡುವವರಲ್ಲಿ ಮುಟ್ಟಿನ ನೋವು ಗಮನಾರ್ಹವಾಗಿ ತಗ್ಗಬಹುದು ಎಂದು 2019ರ ಕಾಕ್ರೇನ್ ವಿಮರ್ಶೆ ಹೇಳಿದೆ. ನೋವು ತೀವ್ರವಾಗಿದ್ದರೆ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್‌ನಂಥ ಮಾತ್ರೆಗಳು ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ತಮಾ ಇರುವವರು ವೈದ್ಯರನ್ನು ಕೇಳದೆ ಇವನ್ನು ತೆಗೆದುಕೊಳ್ಳಬಾರದು. ಯಾರೇ ಆದರೂ ಖಾಲಿ ಹೊಟ್ಟೆಯಲ್ಲಿ ಬೇಡ.

"ಇದು ಹಾರ್ಮೋನ್" ಎಂದು ಸುಮ್ಮನಿರಬಾರದ ಸಂದರ್ಭಗಳು

ಈ ಚಾರ್ಟ್‌ನಿಂದ ಆಗುವ ದೊಡ್ಡ ಅಪಾಯ ವ್ಯಾಯಾಮ ತಪ್ಪುವುದಲ್ಲ. ಸುಸ್ತಿಗೆಲ್ಲ ಅದು ಒಂದು ಸಿದ್ಧ ಉತ್ತರ ಕೊಟ್ಟುಬಿಡುತ್ತದೆ. "ಈ ವಾರ ನೇರಳೆ ಬಣ್ಣ, ಅದಕ್ಕೇ ಸುಸ್ತು" ಎಂದು ಸಮಾಧಾನ ಮಾಡಿಕೊಂಡರೆ ನಿಜವಾದ ಕಾರಣ ಹಾಗೇ ಉಳಿಯುತ್ತದೆ.

ಮೊದಲನೆಯದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ದೇಶದಲ್ಲಿ ಶೇಕಡ 57, ಕರ್ನಾಟಕದಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ತಿಂಗಳಿಡೀ ಬಿಡದ ಸುಸ್ತು, ಎಷ್ಟು ಅಭ್ಯಾಸ ಮಾಡಿದರೂ ಸುಧಾರಿಸದ ಓಟ ಇವು ಅದರ ಲಕ್ಷಣಗಳಾಗಿರಬಹುದು. ಇಲ್ಲಿ ನಿಮ್ಮ ನೋಟ್ಸ್ ನೆರವಿಗೆ ಬರುತ್ತದೆ. ಮುಟ್ಟಿನ ಏರಿಳಿತದಿಂದ ಆದ ಸುಸ್ತು ಬಂದು ಹೋಗುತ್ತದೆ. ನಾಲ್ಕೂ ವಾರ ಒಂದೇ ಸಮನೆ ಸುಸ್ತಿದ್ದರೆ ರಕ್ತಪರೀಕ್ಷೆ ಮಾಡಿಸಿ. ಗರ್ಭಿಣಿಯರಲ್ಲದ ಮಹಿಳೆಯರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಈ ಪರೀಕ್ಷೆ ಮಾಡುತ್ತಾರೆ. ಹಿಮೋಗ್ಲೋಬಿನ್ ಸರಿ ಇದ್ದೂ ಸುಸ್ತು ಹೋಗದಿದ್ದರೆ ಫೆರಿಟಿನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಅದು ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶವನ್ನು ತೋರಿಸುತ್ತದೆ.

ಎರಡನೆಯದು ಅತಿಯಾದ ರಕ್ತಸ್ರಾವ. ಗಂಟೆಗೊಂದು ಪ್ಯಾಡ್ ನೆನೆದುಹೋಗುವುದು ಹಲವು ಗಂಟೆ ಮುಂದುವರಿದರೆ, ಏಳು ದಿನ ದಾಟಿದರೆ, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಳು ಹೋಗುತ್ತಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ಎಷ್ಟೋ ಮನೆಗಳಲ್ಲಿ "ನಮ್ಮ ವಂಶದಲ್ಲೇ ಹಾಗೆ" ಎಂದು ಇದನ್ನು ಬಿಟ್ಟುಬಿಡುತ್ತಾರೆ.

ಮೂರನೆಯದು ಮುಟ್ಟು ನಿಂತುಹೋಗುವುದು. ವ್ಯಾಯಾಮ ಹೆಚ್ಚಿಸಿ ಊಟ ಕಡಿಮೆ ಮಾಡಿದವರಲ್ಲಿ ದೇಹ ಶಕ್ತಿ ಉಳಿಸಲು ಮುಟ್ಟನ್ನೇ ನಿಲ್ಲಿಸಿಬಿಡಬಹುದು. ಇದಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್-ಎಸ್ ಎಂಬ ಹೆಸರು ಕೊಟ್ಟಿತು. ಇದರಿಂದ ಮೂಳೆ ಸವೆದು, ಚಿಕ್ಕ ವಯಸ್ಸಿನಲ್ಲೇ ಬಿರುಕು ಬಿಡುತ್ತದೆ. "ಭಾರ ಎತ್ತಿದರೆ ಹಾರ್ಮೋನ್ ಏರುಪೇರಾಗುತ್ತದೆ" ಎಂಬ ಫಾರ್ವರ್ಡ್ ಮಾತಿನಲ್ಲಿ ಇರುವ ನಿಜ ಇಷ್ಟೇ: ತೊಂದರೆ ಬರುವುದು ಮಾಡುವ ವ್ಯಾಯಾಮಕ್ಕೆ ತಕ್ಕಷ್ಟು ಉಣ್ಣದಿದ್ದಾಗ. 20ನೇ ದಿನ ಭಾರ ಎತ್ತಿದ್ದರಿಂದಲ್ಲ. ಮೂರು ತಿಂಗಳು ಮುಟ್ಟಾಗದಿದ್ದರೆ "ಒಳ್ಳೆಯದೇ ಆಯಿತು, ಅಭ್ಯಾಸ ತಪ್ಪುವುದಿಲ್ಲ" ಎಂದುಕೊಳ್ಳದೆ ವೈದ್ಯರನ್ನು ಕಾಣಬೇಕು. ಗರ್ಭ ನಿಂತಿರುವ ಸಾಧ್ಯತೆ ಇದ್ದರೆ ಮೊದಲು ಆ ಪರೀಕ್ಷೆ ಮಾಡಿಕೊಳ್ಳಿ.

ಫಾರ್ವರ್ಡ್ ಮಾಡುವ ಮುನ್ನ

ಮುಟ್ಟಾದ ಹುಡುಗಿ ಓಡಬಾರದು, ಆಡಬಾರದು, ಭಾರ ಎತ್ತಬಾರದು ಎಂದು ಹಿಂದೆ ಮನೆಯ ಹಿರಿಯರು ಹೇಳುತ್ತಿದ್ದರು. ಆ ಮಾತನ್ನು ಮೀರಿ ಹುಡುಗಿಯರು ಮೈದಾನಕ್ಕೆ ಬಂದಿದ್ದಾರೆ. ಈಗ ಅದೇ ಮಾತು ಹಾರ್ಮೋನ್ ಎಂಬ ಪದದ ಜೊತೆ, ಚೆಂದದ ಬಣ್ಣಗಳಲ್ಲಿ ಫೋನಿಗೆ ಬರುತ್ತಿದೆ. ಹಿಂದೆ ಐದು ದಿನ ಬೇಡ ಎನ್ನುತ್ತಿದ್ದರು, ಚಾರ್ಟ್ ಹತ್ತೊಂಬತ್ತು ದಿನ ಬೇಡ ಎನ್ನುತ್ತಿದೆ.

ಆ ಚಿತ್ರ ಮತ್ತೆ ಬಂದರೆ ಕಳುಹಿಸಿದವರಿಗೆ ಇಷ್ಟು ಹೇಳಬಹುದು: ಸುಸ್ತಾದ ದಿನ ಹಗುರ ಮಾಡಿಕೊಳ್ಳುವುದು ಸರಿ, ಸುಸ್ತಿಲ್ಲದ ದಿನ ಚಾರ್ಟ್ ನೋಡಿ ಸುಮ್ಮನೆ ಕೂರುವುದು ಸರಿಯಲ್ಲ. ಯಾವುದು ಸುಸ್ತಿನ ದಿನ ಎಂದು ತಿಳಿಯಲು ನಿಮ್ಮದೇ ಮೂರು ತಿಂಗಳ ನೋಟ್ಸ್ ಮತ್ತು ಹತ್ತು ನಿಮಿಷದ ವಾರ್ಮ್ ಅಪ್ ಸಾಕು.